ಲೈಟ್‌ರೂಮ್‌ನ ಹಿನ್ನೆಲೆ ಮಾಸ್ಕ್: ನಿಜವಾದ ಪರೀಕ್ಷೆ ಕೂದಲ ಅಂಚಿನಲ್ಲಿ

ಮದುವೆಯ ಚಿತ್ರಗಳನ್ನು ತಿದ್ದುವವರಿಗೆಲ್ಲ ಪರಿಚಿತವಾದ ತೊಂದರೆಯಿದು. ವಧು ಜಗಲಿಯ ನೆರಳಿನಲ್ಲಿ ನಿಂತಿರುತ್ತಾಳೆ, ಹಿಂದೆ ಅಂಗಳದಲ್ಲಿ ಬಿಸಿಲು ಸುರಿಯುತ್ತಿರುತ್ತದೆ. ಮುಖಕ್ಕೆ ಬೆಳಕು ಹೊಂದಿಸಿದರೆ ಅಂಗಳ ಬೆಳ್ಳಗಾಗುತ್ತದೆ. 2022ರ ಕೊನೆಯಲ್ಲಿ ಲೈಟ್‌ರೂಮ್ ಕ್ಲಾಸಿಕ್‌ಗೆ Background ಮಾಸ್ಕ್ ಬಂದಾಗಿನಿಂದ ಇಂಥ ಚಿತ್ರಗಳಿಗೆ ಅದನ್ನೇ ಬಳಸುತ್ತಿದ್ದೇನೆ. ಮೊದಲು ವ್ಯಕ್ತಿಯನ್ನು ಆಯ್ದು ಮಾಸ್ಕನ್ನು ತಿರುವಿಹಾಕಬೇಕಿತ್ತು, ಈಗ ಒಂದೇ ಗುಂಡಿ ಸಾಕು.

ಎಕ್ಸ್‌ಪೋಶರ್‌ಗೆ ಕೈ ಹಚ್ಚುವ ಮೊದಲು ಚಿತ್ರವನ್ನು 100% ಹಿಗ್ಗಿಸಿ, O ಒತ್ತಿ ಮಾಸ್ಕಿನ ಕೆಂಪು ಹೊದಿಕೆಯನ್ನು ನೋಡುವುದು ಒಳ್ಳೆಯದು. ಸೊಂಟ ಮತ್ತು ತೋಳಿನ ನಡುವಿನ ಸಂದಿಗೆ ಕೆಂಪು ಬಂದಿಲ್ಲದಿದ್ದರೆ ಅಲ್ಲಿ ಬಿಸಿಲಿನ ತುಂಡು ಹಾಗೆಯೇ ಉಳಿಯುತ್ತದೆ. Add ಒತ್ತಿ, ಬ್ರಷ್‌ನಿಂದ ಅದನ್ನು ತುಂಬಬೇಕು.

ಕಷ್ಟವೆಲ್ಲ ಮಲ್ಲಿಗೆ ಮುಡಿದ ಜಡೆಯ ಸುತ್ತಲೇ. ಹಿನ್ನೆಲೆಯನ್ನು -1.50ಕ್ಕೆ ಇಳಿಸಿದರೆ ಅಂಗಳವೇನೋ ಚೆನ್ನಾಗಿ ತಗ್ಗುತ್ತದೆ, ಆದರೆ ಬಿಡಿ ಕೂದಲುಗಳ ನಡುವೆ ಮಾಸ್ಕ್ ತಲುಪದ ಕಡೆ ಬಿಳಿಯ ಅಂಚೊಂದು ಹೊಳೆಯುತ್ತದೆ. ಸಣ್ಣ ಪರದೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆಲ್ಬಮ್ ಅಚ್ಚಾದ ಮೇಲೆ ಯಾರ ಕಣ್ಣಿಗೂ ತಪ್ಪುವುದಿಲ್ಲ. ಅದಕ್ಕೇ ಕೆಲಸವನ್ನು ಹಂಚುತ್ತೇನೆ: ಹಿನ್ನೆಲೆಯ ಎಕ್ಸ್‌ಪೋಶರ್ -0.60, ಅದೇ ಮಾಸ್ಕಿನಲ್ಲಿ ಹೈಲೈಟ್ಸ್ -40, ವಧುವಿಗೆ ಬೇರೊಂದು ಮಾಸ್ಕಿನಲ್ಲಿ +0.35. ಇಬ್ಬದಿಯಿಂದಲೂ ಸ್ವಲ್ಪ ಸ್ವಲ್ಪವೇ ಸರಿದದ್ದರಿಂದ ಅಂಚು ಕಾಣಿಸುವಷ್ಟು ಏರುಪೇರು ಉಂಟಾಗುವುದಿಲ್ಲ. ಇದೆಲ್ಲ ರಾ ಫೈಲಿನ ಲೆಕ್ಕ. ಜೆಪೆಗ್‌ನಲ್ಲಿ ಪೂರ್ತಿ ಬೆಳ್ಳಗಾದ ಆಕಾಶವನ್ನು ಎಷ್ಟು ಇಳಿಸಿದರೂ ನೀಲಿ ಬರುವುದಿಲ್ಲ, ಬೂದಿ ಬಣ್ಣ ಬರುತ್ತದೆ ಅಷ್ಟೇ.

ಇನ್ನೊಂದು ಎಡವಟ್ಟು ಕಾಲ ಬುಡದಲ್ಲಿ. ಈ ಮಾಸ್ಕಿಗೆ ನೆಲವೂ ಹಿನ್ನೆಲೆಯೇ. ನೆಲ ಕಪ್ಪಾಗಿ ಸೀರೆಯ ಅಂಚು ಬೆಳಗಿದರೆ ವಧು ಗಾಳಿಯಲ್ಲಿ ನಿಂತಂತೆ ಕಾಣುತ್ತಾಳೆ. Subtract ಒತ್ತಿ, Linear Gradient ಆರಿಸಿ, ಪಾದದ ಮಟ್ಟದಿಂದ ಮೊಣಕಾಲಿನವರೆಗೆ ಮೇಲಕ್ಕೆ ಎಳೆದರೆ ನೆಲದ ಮೇಲಿನ ಪರಿಣಾಮ ಮೆಲ್ಲಗೆ ಕರಗುತ್ತದೆ.

ಒಂದು ಚಿತ್ರದ ಹೊಂದಿಕೆಯನ್ನು ಇಡೀ ಸಾಲಿಗೆ ಅಂಟಿಸಬಹುದು, ಪ್ರತಿ ಚಿತ್ರಕ್ಕೂ ಮಾಸ್ಕ್ ಹೊಸದಾಗಿ ಲೆಕ್ಕವಾಗುತ್ತದೆ. ಹಳೆಯ ಕಂಪ್ಯೂಟರಾದರೆ ಕಾಫಿಗೆ ಎದ್ದು ಹೋಗಬಹುದು. ಆದರೆ ಹಿಂದೆ ಅತ್ತೆಯೋ ಮಾವನೋ ಸ್ಪಷ್ಟವಾಗಿ ನಿಂತಿದ್ದ ಚಿತ್ರದಲ್ಲಿ ಅವರನ್ನೂ ಮುಖ್ಯ ವ್ಯಕ್ತಿಯೆಂದೇ ಎಣಿಸಿ ಹಿನ್ನೆಲೆಯಿಂದ ಬಿಟ್ಟುಬಿಡುವುದುಂಟು. ಅಂಥವಕ್ಕೆ ಈ ಗುಂಡಿಯನ್ನು ನೆಚ್ಚುವುದಿಲ್ಲ. People ಪಟ್ಟಿಯಲ್ಲಿ ವಧುವನ್ನು ಮಾತ್ರ ಗುರುತಿಸಿ, ಬಂದ ಮಾಸ್ಕಿಗೆ Invert ಕೊಡುತ್ತೇನೆ.