ಲೆಗೊ ಅಸಲಿಯೋ ನಕಲಿಯೋ: ಫೋಟೋದಲ್ಲೇ ಹೋಲಿಸಿ ನೋಡಿ

ಒಂದೇ ಸೆಟ್, ಎರಡು ಬೆಲೆ. ಯಾವುದು ತಗೋಬೇಕು? ಮೊದಲು ಇಟ್ಟಿಗೆಯ ಫೋಟೋ ಝೂಮ್ ಮಾಡಿ. ಅಸಲಿ ಲೆಗೊ ಇಟ್ಟಿಗೆಯ ಪ್ರತಿ ಸ್ಟಡ್ ಮೇಲೂ, ಅಂದ್ರೆ ಆ ದುಂಡನೆ ಉಬ್ಬಿನ ಮೇಲೆ, LEGO ಅಂತ ಸಣ್ಣಗೆ ಎದ್ದು ಕಾಣೋ ಅಕ್ಷರ ಇರುತ್ತದೆ. ನಕಲಿಯಲ್ಲಿ ಸಾಮಾನ್ಯವಾಗಿ ಸ್ಟಡ್ ಬೋಳಾಗಿರುತ್ತದೆ, ಇಲ್ಲವೇ ಬೇರೆ ಏನೋ ಇರುತ್ತದೆ. ಬೋಳು ಇದ್ದ ಮಾತ್ರಕ್ಕೆ ಮೋಸ ಅನ್ನಬೇಡಿ. ಲೆಗೊಗೆ ಹೊಂದುವ ಇಟ್ಟಿಗೆಯನ್ನು ತಮ್ಮದೇ ಹೆಸರಲ್ಲಿ ಮಾರೋ ಕಂಪನಿಗಳೂ ಇವೆ. ಡಬ್ಬಿ ಮೇಲೆ ಲೆಗೊ ಲೋಗೋ, ಒಳಗೆ ಬೋಳು ಸ್ಟಡ್ ಇದ್ದರೆ ಅದು ನಕಲಿ.

ಡಬ್ಬಿಯಲ್ಲಿ ಲೋಗೋ ಅಂಚು ಮಸುಕಾಗಿದೆಯಾ, ಸೆಟ್ ನಂಬರ್ ಹಾಕಿ ಹುಡುಕಿದರೆ ಅದೇ ಚಿತ್ರ, ಅಷ್ಟೇ ಪೀಸ್ ಬರುತ್ತದಾ ನೋಡಿ.

ನನಗೆ ಜಾಸ್ತಿ ಮುಖ್ಯ ಅನಿಸೋದು ಐಎಸ್‌ಐ ಗುರುತು. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗೆ ಇದು ಕಡ್ಡಾಯ. ಗುರುತಿನ ಮೇಲ್ಗಡೆ ಆಟಿಕೆ ಸುರಕ್ಷತಾ ಮಾನದಂಡದ ನಂಬರ್ IS 9873, ಕೆಳಗೆ CM/L ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತದೆ. ಆ ನಂಬರನ್ನು BIS Care ಆ್ಯಪಿನಲ್ಲಿ ಹಾಕಿದರೆ ಕಂಪನಿ ಹೆಸರು ಬರುತ್ತದೆ, ಡಬ್ಬಿಗೂ ಅದಕ್ಕೂ ತಾಳೆ ಆಗಬೇಕು.

ಆದರೆ ಮಾರೋರು ಕಂಪನಿಯ ಫೋಟೋವನ್ನೇ ಕದ್ದು ಹಾಕಿರಬಹುದು ಅಲ್ವಾ? ಅದಕ್ಕೇ ಡಬ್ಬಿಯ ಹಿಂಬದಿ, ಒಂದು ಇಟ್ಟಿಗೆ, ಎರಡನ್ನೂ ಹತ್ತಿರದಿಂದ ತೆಗೆದು ಕಳಿಸಿ ಅನ್ನಿ. ಕಳಿಸದಿದ್ದರೆ ಬೇರೆ ಅಂಗಡಿ ನೋಡಿ.