ಬೈಪಾಸ್ ಆದವರ ಕೈಗೆ ಸ್ಮಾರ್ಟ್ ವಾಚು: ವರ್ಷದ ಮೇಲೆ ಬಳಸಿ ಬರೆದದ್ದು

ವಾಚಿನ ಬ್ಯಾಟರಿ, ಪರದೆ, ಬೆಲ್ಟಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅದನ್ನೇ ನಾನೂ ಬರೆಯುವುದಿಲ್ಲ. ನನ್ನ ತಕರಾರು ಒಂದೇ. ಕೊಂಡಾಗ ನನಗೆ 58 ವರ್ಷ, ಬೈಪಾಸ್ ಆಗಿ ಕೆಲವೇ ತಿಂಗಳಾಗಿತ್ತು, ದಿನಾ ಮೆಟೊಪ್ರೊಲಾಲ್ ಮಾತ್ರೆ. ವಾಚು ಕೇಳಿದ್ದು ವಯಸ್ಸು, ಎತ್ತರ, ತೂಕ ಮಾತ್ರ. ಎದೆ ಕೊಯ್ದಿದ್ದಾರಾ, ಏನು ಮಾತ್ರೆ ನುಂಗ್ತೀರಿ ಅಂತ ಕೇಳಲೇ ಇಲ್ಲ. ಆಮೇಲೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾನು ಬೆವರುತ್ತಾ ನಡೆಯುತ್ತಿದ್ದರೆ ಕೈಯಲ್ಲಿ ಗುರ್ ಅಂತ ನಡುಗಿ, 'ಇದು ಬರೀ ವಾರ್ಮಪ್, ವೇಗ ಹೆಚ್ಚಿಸಿ' ಅಂತ ತೋರಿಸುವುದು.

ಅದರ ಲೆಕ್ಕ ಹೇಗೆ ಅಂದರೆ, 220ರಲ್ಲಿ ವಯಸ್ಸು ಕಳೆಯುವುದು. ನನಗೆ 162 ಬಂತು. ಅದೇ ನನ್ನ ಹೃದಯದ ಗರಿಷ್ಠ ಬಡಿತ ಅಂತ ಹಿಡಿದು, 97ರವರೆಗೆ ವಾರ್ಮಪ್, 113ರವರೆಗೆ ಕೊಬ್ಬು ಕರಗಿಸುವುದು, 113ರಿಂದ 130 'ಕಾರ್ಡಿಯೋ' ಅಂತ ಪಟ್ಟೆ ಹಾಕಿಕೊಟ್ಟಿತು. 1971ರಿಂದ ಎಲ್ಲರೂ ಬಳಸುತ್ತಾ ಬಂದಿರುವ ಈ ಸೂತ್ರ ಗಟ್ಟಿಮುಟ್ಟಾದವರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಮೆಟೊಪ್ರೊಲಾಲ್ ತರಹದ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗಂತೂ ಇದು ಸುಳ್ಳೇ ಸುಳ್ಳು. ಓಡಿದಾಗ, ಗಾಬರಿಯಾದಾಗ ಅಡ್ರಿನಲಿನ್ ಹೃದಯವನ್ನು ಜೋರಾಗಿ ಬಡಿಸುತ್ತದಲ್ಲ, ಈ ಮಾತ್ರೆ ಅದಕ್ಕೇ ತಡೆ ಹಾಕುವುದು. ಕಾಲು ದಣಿಯುತ್ತದೆ, ಉಸಿರು ಏರುತ್ತದೆ, ಬಡಿತ ಮಾತ್ರ ಅಷ್ಟು ಏರುವುದಿಲ್ಲ.

ನನ್ನ ನಿಜವಾದ ಗರಿಷ್ಠ ಎಷ್ಟು ಅಂತ ಟಿಎಂಟಿಯಲ್ಲಿ, ಅಂದರೆ ಇಸಿಜಿ ಹಚ್ಚಿ ಟ್ರೆಡ್‌ಮಿಲ್ ಮೇಲೆ ನಡೆಸುವ ಪರೀಕ್ಷೆಯಲ್ಲಿ, ಗೊತ್ತಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ಬ್ಲಾಕ್ ಇದೆಯಾ ಇಲ್ಲವಾ ಅಂತ ಪತ್ತೆ ಮಾಡಲು ಟಿಎಂಟಿ ಮಾಡುವಾಗ ಎಷ್ಟೋ ಸಲ ಬೀಟಾ ಬ್ಲಾಕರ್ ನಿಲ್ಲಿಸಿ ಬನ್ನಿ ಅನ್ನುತ್ತಾರೆ. ವ್ಯಾಯಾಮದ ಮಿತಿ ಗೊತ್ತುಮಾಡಲು ಮಾಡುವಾಗ ಉಲ್ಟಾ: ಎಂದಿನ ಮಾತ್ರೆ ಎಂದಿನ ಹೊತ್ತಿಗೆ ನುಂಗಿಯೇ ಹೋಗಬೇಕು. ನಡೆಯುವಾಗ ಮಾತ್ರೆ ಮೈಯಲ್ಲಿ ಇರುತ್ತಲ್ಲ, ಹಾಗಾಗಿ ಪರೀಕ್ಷೆಯಲ್ಲೂ ಇರಬೇಕು. ನಾನು ಹಾಗೇ ಹೋಗಿದ್ದೆ. ಕಾಲು ಸೋತು ಸಾಕಪ್ಪಾ ಅಂದಾಗ ಬಡಿತ 118. ಇಸಿಜಿಯಲ್ಲಿ ತೊಂದರೆ ಇರಲಿಲ್ಲ.

ಅಂದರೆ ವಾಚು ತಲುಪು ತಲುಪು ಅಂತ ಕಾಡುತ್ತಿದ್ದ 'ಕಾರ್ಡಿಯೋ' ಪಟ್ಟೆಯ ಸುಮಾರು ಮುಕ್ಕಾಲು ಪಾಲು ನನ್ನ ಹೃದಯ ಕೈಲಾದಷ್ಟು ದುಡಿದರೂ ಮುಟ್ಟದ ಜಾಗದಲ್ಲಿತ್ತು! ಬೀಟಾ ಬ್ಲಾಕರ್ ತೆಗೆದುಕೊಳ್ಳುವ ಹೃದ್ರೋಗಿಗಳಿಗೇ ಅಂತ ಬೇರೆ ಸೂತ್ರ ಇದೆ: ವಯಸ್ಸನ್ನು 0.7ರಿಂದ ಗುಣಿಸಿ 164ರಲ್ಲಿ ಕಳೆಯುವುದು. ನನಗೆ 123 ಬರುತ್ತದೆ, 118ಕ್ಕೆ ಸಾಕಷ್ಟು ಹತ್ತಿರ. ಇದೂ ಅಂದಾಜೇ. ಆದರೂ 'ನಿಮಗೆ ಬೀಟಾ ಬ್ಲಾಕರ್ ಇದೆಯಾ' ಅಂತ ಒಂದು ಪ್ರಶ್ನೆ ಹಾಕಲು ಈ ಕಂಪನಿಗೆ ಏನು ಖರ್ಚು, ಹೇಳಿ?

ಆಸ್ಪತ್ರೆಯ ಫಿಸಿಯೋ ಮೇಡಂ ಲೆಕ್ಕ ಮಾಡಿದ ರೀತಿ ಬೇರೆ. ಬೆಳಿಗ್ಗೆ ಸುಮ್ನೆ ಕೂತಾಗ ನನ್ನ ಬಡಿತ 64. ಗರಿಷ್ಠ 118ರಲ್ಲಿ ಅದನ್ನು ಕಳೆದರೆ 54. ಕೂತಲ್ಲಿಂದ ಪೂರ್ತಿ ದಣಿಯುವವರೆಗೆ ನನ್ನ ಹೃದಯಕ್ಕೆ ಇರುವ ಅವಕಾಶ ಅಷ್ಟೇ, ಅದೇ ಮೀಸಲು ಬಡಿತ. ಆ 54ರಲ್ಲಿ ನೂರಕ್ಕೆ 40 ಅಂದರೆ ಸುಮಾರು 22, ಅದಕ್ಕೆ 64 ಕೂಡಿಸಿದರೆ 86. ನೂರಕ್ಕೆ 60 ಹಿಡಿದರೆ 96. ಮೊದಲು 86ರಿಂದ 96ರ ಒಳಗೆ ನಡೀರಿ, ಅದು ಹಗುರ ಅನ್ನಿಸಿದ ಮೇಲೆ 70 ಪರ್ಸೆಂಟಿಗೆ, ಅಂದರೆ 102ಕ್ಕೆ ಹೋಗೋಣ ಅಂದರು. ಕೆರೆ ಏರಿ ಮೇಲೆ ನನಗೆ ಬರುತ್ತಿದ್ದ 92ನ್ನು ವಾಚು ವಾರ್ಮಪ್ ಅಂತ ತಳ್ಳಿಹಾಕುತ್ತಿತ್ತಲ್ಲ, ಅದು ಸರಿಯಾಗಿ ನನ್ನ ಕೆಲಸದ ವೇಗ!

ಈ ಲೆಕ್ಕ ಎಲ್ಲರಿಗೂ ಹೀಗೇ ಅಲ್ಲ. ಆಸ್ಪತ್ರೆಯ ವ್ಯಾಯಾಮಕ್ಕೆ ಬರುತ್ತಿದ್ದ ನಮ್ಮ ಬ್ಯಾಚಿನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದರು. ಹಾರ್ಟ್ ಅಟ್ಯಾಕ್ ಆಗಿತ್ತು, ಬ್ಲಾಕ್ ಇದ್ದ ಒಂದು ಸಣ್ಣ ರಕ್ತನಾಳ ಹಾಗೇ ಬಿಟ್ಟಿದ್ದರು. ಟಿಎಂಟಿಯಲ್ಲಿ ಅವರಿಗೆ 110 ಮುಟ್ಟಿದ ಕೂಡಲೇ ಎದೆ ಹಿಡಿಯಿತು, ಇಸಿಜಿ ಗೆರೆಯೂ ಕೆಳಗಿಳಿಯಿತು. ಸೂತ್ರ ಏನೇ ಹೇಳಲಿ, ಅವರ ಮೇಲಿನ ಮಿತಿ ಅದಕ್ಕಿಂತ ಹತ್ತು ಕಡಿಮೆ, 100. 'ನಿಮಗೆ 102, ನಂಗ್ಯಾಕ್ರೀ 100?' ಅಂತ ನನ್ನ ಹತ್ತಿರ ರೇಗುತ್ತಿದ್ದರು. ಎರಡು ಬಡಿತಕ್ಕೆ!

ಇಷ್ಟಾದ ಮೇಲೆ ನಾನು ಆ್ಯಪಿನಲ್ಲಿ ಗರಿಷ್ಠ ಬಡಿತದ ಜಾಗ ಹುಡುಕಿ 162 ಅಳಿಸಿ 118 ಹಾಕಿದೆ. ಪಟ್ಟೆಗಳನ್ನು ಮೀಸಲು ಬಡಿತದ ಲೆಕ್ಕಕ್ಕೆ ಬದಲಿಸುವ ಆಯ್ಕೆಯೂ ಒಳಗೆ ಎಲ್ಲೋ ಇದೆ, ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ಹುಡುಕಬೇಕು. 102 ದಾಟಿದರೆ ನಡುಗು ಅಂತ ಅಲಾರಂ ಇಟ್ಟೆ. ಇನ್ನು ನೆಮ್ಮದಿ ಅಂದುಕೊಂಡರೆ ಎರಡನೇ ರಗಳೆ ಶುರುವಾಯಿತು.

ಕೆರೆ ಸುತ್ತ ಆರಾಮಾಗಿ ನಡೆಯುತ್ತಿದ್ದೇನೆ, ಮಗಳ ಜೊತೆ ಫೋನಿನಲ್ಲಿ ಪೂರ್ತಿ ವಾಕ್ಯ ಮಾತಾಡುತ್ತಿದ್ದೇನೆ, ಅಲಾರಂ ಹೊಡೆಯಿತು. ವಾಚಿನಲ್ಲಿ 114. ನಿಂತು ಮಣಿಕಟ್ಟಿಗೆ ಬೆರಳಿಟ್ಟು 15 ಸೆಕೆಂಡ್ ಎಣಿಸಿದರೆ 23. ನಾಲ್ಕರಿಂದ ಗುಣಿಸಿದರೆ 92. ಮತ್ತೆ ನಡೆದೆ, ಮತ್ತೆ 114. ಸಂಶಯ ಬಂದು ಹೆಜ್ಜೆ ಎಣಿಸಿದೆ. ನಿಮಿಷಕ್ಕೆ 114 ಹೆಜ್ಜೆ! ಹಸಿರು ದೀಪದ ಈ ವಾಚುಗಳು ಚರ್ಮದ ಕೆಳಗೆ ರಕ್ತ ಉಬ್ಬಿ ಇಳಿಯುವುದನ್ನು ಬೆಳಕಿನಿಂದ ನೋಡುತ್ತವೆ. ಕೈ ಬೀಸಿ ನಡೆದಾಗ ಹೆಜ್ಜೆಹೆಜ್ಜೆಗೂ ವಾಚು ಅಲುಗುತ್ತದೆ, ಆ ತಾಳವನ್ನೇ ನಾಡಿ ಅಂತ ಹಿಡಿದುಬಿಡುತ್ತದೆ. ಬೆಲ್ಟು ಸಡಿಲ ಇದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ ಇನ್ನೂ ಜಾಸ್ತಿ. ಪತ್ತೆ ಮಾಡುವುದು ಸುಲಭ: ತೋರಿಸುವ ಅಂಕಿ ಹೆಜ್ಜೆಯ ಲೆಕ್ಕಕ್ಕೆ ಅಂಟಿಕೊಂಡಿರುತ್ತದೆ, ನಿಂತ ತಕ್ಷಣ ದಢಕ್ಕನೆ ಇಳಿಯುತ್ತದೆ. ನಿಜವಾದ ಬಡಿತ ಮೆಲ್ಲಗೆ ಇಳಿಯುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ಸ್ವಲ್ಪ ವಾಸಿ, ಪೂರ್ತಿ ಹೋಗುವುದಿಲ್ಲ.

ಕೊನೆಗೆ ಎದೆಗೆ ಕಟ್ಟುವ ಪಟ್ಟಿ ಕೊಂಡೆ. ವಾಚಿನ ಅರ್ಧ ಬೆಲೆಯೂ ಇಲ್ಲ. ಮೊದಲೇ ಗೊತ್ತಿದ್ದರೆ ಇದಕ್ಕೇ ದುಡ್ಡು ಹಾಕುತ್ತಿದ್ದೆ. ಇದು ಬೆಳಕು ಬಿಟ್ಟು ನೋಡುವುದಲ್ಲ, ಇಸಿಜಿ ತರಹ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಹಾಗಾಗಿ ಹೆಜ್ಜೆಯ ಗೊಂದಲ ಇಲ್ಲ. ಆದರೆ ಬೈಪಾಸ್ ಆದವರಿಗೆ ಒಂದು ಸೂಕ್ಷ್ಮ ಇದೆ. ಪಟ್ಟಿ ಬಂದು ಕೂರುವುದು ಎದೆಯ ಗಾಯದ ಕೆಳತುದಿಗೇ, ಆಪರೇಶನ್ ಆದ ಮೇಲೆ ನಳಿಗೆ ಹಾಕಿದ್ದ ತೂತುಗಳ ಕಲೆ ಇರುವ ಜಾಗಕ್ಕೇ. ಗಾಯ ಪೂರ್ತಿ ಮಾಗುವ ತನಕ ಫಿಸಿಯೋ ಮೇಡಂ ಬೇಡವೇ ಬೇಡ ಅಂದಿದ್ದರು. ಈಗಲೂ ಅಲ್ಲಿ ನವೆ ಬರುತ್ತದೆ. ನಾನು ಪಟ್ಟಿಯ ನಡುವಿನ ಗುಂಡಿಯ ಕೆಳಗೆ ಹಳೇ ಕಾಟನ್ ಪಂಚೆಯ ತುಂಡೊಂದನ್ನು ಮಡಿಸಿ ಇಡುತ್ತೇನೆ. ಹೃದಯದ ಬಡಿತ ಹಿಡಿಯುವ ರಬ್ಬರ್ ಭಾಗಗಳು ಎರಡು ಪಕ್ಕಕ್ಕಿವೆ, ಅವು ಚರ್ಮಕ್ಕೆ ತಾಗಿದರೆ ಸಾಕು.

ಬೆಳಗಿನ ಕೆಲಸ ಹೀಗೆ. ತಿಂಡಿಗೆ ಮೊದಲು ಮಾತ್ರೆ. ನಲ್ಲಿಯ ಕೆಳಗೆ ಪಟ್ಟಿಯ ರಬ್ಬರ್ ಭಾಗ ಒದ್ದೆ ಮಾಡಿ ಕಟ್ಟುತ್ತೇನೆ. ಒಣಗಿದ್ದರೆ ಮೊದಲ ಹತ್ತು ನಿಮಿಷ ಮನಸ್ಸಿಗೆ ಬಂದ ಅಂಕಿ ತೋರಿಸುತ್ತದೆ, ಬೆವರು ಬಂದ ಮೇಲೆ ಸರಿಯಾಗುತ್ತದೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಜಗಲಿಯ ಕುರ್ಚಿಯಲ್ಲಿ ಐದು ನಿಮಿಷ ಕೂತು ಬಡಿತ ನೋಡುತ್ತೇನೆ. ನಮ್ಮ ಮನೆಯವರು ಒಳಗಿನಿಂದ 'ಎಷ್ಟ್ರೀ ಇವತ್ತು?' ಅನ್ನುತ್ತಾರೆ. ಹೇಳಿದ ಮೇಲೇ ಗೇಟು ತೆಗೆಯುವುದು. ಮೊದಲ ಹತ್ತು ನಿಮಿಷ ನಿಧಾನ, ಆಮೇಲೆ ಅರ್ಧ ಗಂಟೆ ನನ್ನ ಮಿತಿಯ ಒಳಗೆ, ಕೊನೆಗೆ ಮತ್ತೆ ನಿಧಾನ. ಗಕ್ಕನೆ ನಿಂತರೆ ತಲೆ ಸುತ್ತುತ್ತದೆ. ಬಿಪಿ ಮಾತ್ರೆ ಇರುವವರು ಇದನ್ನು ಮರೆಯಬಾರದು.

ವಾಚಿನ ಮೇಲಿದ್ದ ಸಿಟ್ಟು ಇಳಿದದ್ದು ಡಾಕ್ಟರು ಮಾತ್ರೆ ಕಡಿಮೆ ಮಾಡಿದಾಗ. ರಾತ್ರಿ ಬಡಿತ 50ರ ಕೆಳಗೆ ಹೋಗುತ್ತಿತ್ತು, ಬೆಳಿಗ್ಗೆ ಎದ್ದಾಗ ತಲೆ ಹಗುರ. ಮಲಗಿದಾಗ ಕೈ ಅಲ್ಲಾಡುವುದಿಲ್ಲವಲ್ಲ, ಆಗ ಈ ವಾಚು ಚೆನ್ನಾಗಿಯೇ ಅಳೆಯುತ್ತದೆ. ಆ ಗ್ರಾಫ್ ತೋರಿಸಿದ್ದಕ್ಕೆ ಡಾಕ್ಟರು ಇಸಿಜಿ ಮಾಡಿಸಿ, 50 ಮಿಲಿಗ್ರಾಂ ಇದ್ದದ್ದನ್ನು 25ಕ್ಕೆ ಇಳಿಸಿದರು.

ಅದಾದ ಮೇಲೆ ಅದೇ ದಾರಿ, ಅದೇ ವೇಗ, ಅಲಾರಂ ಮಾತ್ರ ಬಿಡದೆ ಹೊಡೆಯಲು ಶುರುವಾಯಿತು. ಈ ಸಲ ಪಟ್ಟಿಯೂ 106 ಅಂತಲೇ ತೋರಿಸುತ್ತಿತ್ತು. ಹೃದಯ ಕೆಟ್ಟಿರಲಿಲ್ಲ, ಮಾತ್ರೆಯ ತಡೆ ಸಡಿಲವಾಗಿತ್ತು ಅಷ್ಟೇ. ಬಡಿತದ ಗುರಿ ಆ ಡೋಸಿಗೆ ಕಟ್ಟಿದ್ದು, ಡೋಸು ಬದಲಾದರೆ ಹಳೇ ಅಂಕಿ ರದ್ದು. ಹೊಸ ಟಿಎಂಟಿ ಆಗುವವರೆಗೆ ಫಿಸಿಯೋ ಮೇಡಂ ಬೋರ್ಗ್ ಸ್ಕೇಲ್ ಕೊಟ್ಟರು. 6ರಿಂದ 20ರವರೆಗೆ ನಿಮಗೆ ಎಷ್ಟು ಶ್ರಮ ಅನ್ನಿಸುತ್ತದೆ ಅಂತ ನೀವೇ ಹೇಳುವುದು. 11 ಅಂದರೆ ಹಗುರ, 13 ಅಂದರೆ ಸ್ವಲ್ಪ ಕಷ್ಟ, ಆದರೆ ಮಾತಾಡಬಹುದು. ಆ ಎರಡರ ನಡುವೆ ಇರಿ ಅಂದರು. ಆರೋಗ್ಯವಂತರಲ್ಲಿ ಈ ಅಂಕಿಯ ಹತ್ತರಷ್ಟು ಬಡಿತ ಇರುತ್ತದೆ ಅನ್ನುವ ಲೆಕ್ಕ ನಮಗೆ ನಡೆಯುವುದಿಲ್ಲ. 13ರ ಶ್ರಮಕ್ಕೆ ನನ್ನ ಬಡಿತ 130 ಅಲ್ಲ, ಮೊದಲು ನೂರರ ಆಸುಪಾಸು, ಈಗ 110. ಹೊಸ ಪರೀಕ್ಷೆಯಲ್ಲಿ ಕೂತಾಗ 70, ಗರಿಷ್ಠ 130 ಬಂತು. ಈಗ ನನ್ನ ಮಿತಿ 94ರಿಂದ 112.

ಯಾರು ಕೊಳ್ಳಬಹುದು? ಟಿಎಂಟಿ ಆಗಿ, ಡಾಕ್ಟರೋ ಫಿಸಿಯೋನೋ ಅಂಕಿ ಬರೆದುಕೊಟ್ಟಿದ್ದರೆ, ಪಟ್ಟಿ ಕೊಳ್ಳಿ. ಜೋಡಿಸಲು ಫೋನ್ ಸಾಕು. ಬಡಿತದ ತಾಳವೇ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಿಗೆ ಎರಡೂ ದಂಡ. ಅಂಕಿ ಕ್ಷಣಕ್ಕೊಂದು ತೋರಿಸುತ್ತದೆ, ಅವರನ್ನು ಬೋರ್ಗ್ ಮೇಲೇ ನಡೆಸುತ್ತಾರೆ. ಅಂಕಿ ಎಷ್ಟೇ ಕಡಿಮೆ ಇರಲಿ, ಎದೆ ಹಿಡಿದರೆ ನಿಲ್ಲಬೇಕು. ಅದನ್ನು ಯಾವ ವಾಚೂ ಹೇಳುವುದಿಲ್ಲ.

ಪಟ್ಟಿಗೆ ಐದರಲ್ಲಿ ನಾಲ್ಕು, ನವೆಗೆ ಒಂದು ಕಡಿತ. ವಾಚಿಗೆ ಎರಡೂವರೆ. ಮೂರು ಕೊಡುತ್ತಿದ್ದೆ, ಆದರೆ ಮೊನ್ನೆ ಆ್ಯಪ್ ಅಪ್‌ಡೇಟ್ ಆದ ಮೇಲೆ ನಾನು ಹಾಕಿದ್ದ 130 ಹೋಗಿ ಮತ್ತೆ 220ರ ಲೆಕ್ಕವೇ ಬಂದು ಕೂತಿತ್ತು. ಅಪ್‌ಡೇಟ್ ಆದಾಗಲೆಲ್ಲ ಆ ಜಾಗ ತೆಗೆದು ನೋಡಿಕೊಳ್ಳಿ.