ಸೀರೆ ಸ್ಪರ್ಧೆಯಲ್ಲಿ ನಾನು ಬರೆಯದೆ ಬಿಟ್ಟ ಸಾಲುಗಳು

ಇನ್‌ಸ್ಟಾಗ್ರಾಂನಲ್ಲಿ ಉಡುಗೊರೆ ಸ್ಪರ್ಧೆ ಇಡಲು ಹೊರಟಿರುವ ಸಣ್ಣ ವ್ಯಾಪಾರಿಗಳು ದಯವಿಟ್ಟು ಇದನ್ನು ಓದಿ. ನಾನು ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಕಳೆದ ದಸರಾಕ್ಕೆ ಒಂದು ಸೀರೆಯನ್ನು ಬಹುಮಾನವಾಗಿಟ್ಟು, “ಪುಟವನ್ನು ಫಾಲೋ ಮಾಡಿ, ಮೂವರು ಗೆಳತಿಯರನ್ನು ಟ್ಯಾಗ್ ಮಾಡಿ, ಸೀರೆ ಗೆಲ್ಲಿ. ಭಾನುವಾರ ಕೊನೆ” ಎಂದಷ್ಟೇ ಬರೆದೆ.

ಶನಿವಾರ ರಾತ್ರಿ ಗ್ರಾಹಕರೊಬ್ಬರು ಫೋನ್ ಮಾಡಿ, “ಕೊರಿಯರ್ ಖರ್ಚಿನ 199 ರೂಪಾಯಿ ಕಳಿಸಿದ್ದೇನೆ ಮೇಡಂ, ಸೀರೆ ಯಾವಾಗ ಬರುತ್ತದೆ?” ಎಂದು ಕೇಳಿದರು. ನಾನಿನ್ನೂ ಯಾರನ್ನೂ ಆರಿಸಿರಲಿಲ್ಲ. ಯಾರೋ ನನ್ನ ಪುಟದ ಚಿತ್ರವನ್ನೇ ಹಾಕಿ, ಹೆಸರಿನ ಕೊನೆಗೆ ಒಂದು ಅಡಿಗೆರೆ ಸೇರಿಸಿ ನಕಲಿ ಖಾತೆ ತೆರೆದಿದ್ದರು. ಕಾಮೆಂಟ್ ಹಾಕಿದವರಿಗೆಲ್ಲ “ನೀವು ಗೆದ್ದಿದ್ದೀರಿ” ಎಂಬ ಸಂದೇಶ ಹೋಗಿತ್ತು. ಯಾರಿಗೆ ಬಲೆ ಬೀಸಬೇಕೆಂಬ ಪಟ್ಟಿಯನ್ನು ನನ್ನ ಪೋಸ್ಟೇ ಒದಗಿಸಿತ್ತು. ಮೂವರು ಹಣ ಕಳೆದುಕೊಂಡರು. ಅವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದೆ, ನನ್ನ ಕೈಯಿಂದ ಹಣ ತುಂಬಿಕೊಟ್ಟೆ. “ವಿಜೇತರ ಹೆಸರು ಇದೇ ಪೋಸ್ಟಿನ ಕೆಳಗೆ ಮಾತ್ರ ಪ್ರಕಟವಾಗುತ್ತದೆ, ನಾವು ಯಾರಿಂದಲೂ ಹಣ, ಒಟಿಪಿ ಕೇಳುವುದಿಲ್ಲ” ಎಂದು ಮೊದಲೇ ಬರೆದಿದ್ದರೆ ಆ ಮೂವರಲ್ಲಿ ಒಬ್ಬರಾದರೂ ಅನುಮಾನಪಡುತ್ತಿದ್ದರು ಎಂಬ ನೋವು ಈಗಲೂ ಇದೆ.

ತೊಂದರೆ ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರು 41 ಕಾಮೆಂಟ್ ಹಾಕಿ, ತಮ್ಮ ಹೆಸರಿನ 41 ಚೀಟಿ ಇರಬೇಕೆಂದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನ್ಯೂಜೆರ್ಸಿಯಿಂದ ಒಬ್ಬರು ಟ್ಯಾಗ್ ಮಾಡಿದರು. ಅವರ ಊರಿನಲ್ಲಿ ಇನ್ನೂ ಭಾನುವಾರ ರಾತ್ರಿ. ನನ್ನ ನಿಯಮದ ಪ್ರಕಾರ ಇಬ್ಬರನ್ನೂ ತಪ್ಪು ಎನ್ನುವಂತಿರಲಿಲ್ಲ. ಮನೆಯಲ್ಲೇ ಚೀಟಿ ಎತ್ತಿದಾಗ ಬಂದದ್ದು ನನ್ನ ಹಳೆಯ ಗ್ರಾಹಕರ ಹೆಸರು. “ಮೊದಲೇ ನಿಶ್ಚಯವಾಗಿತ್ತು” ಎಂದು ಬರೆದವರಿಗೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಸ್ಪರ್ಧೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದೆ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ ಎಂಬುದೂ ಆಮೇಲೆ ತಿಳಿಯಿತು.

ಯುಗಾದಿಗೆ ಮತ್ತೆ ಸ್ಪರ್ಧೆ ಇಟ್ಟಾಗ ಹೀಗೆ ಬರೆದೆ, ಬೇಕಾದವರು ಬಳಸಿಕೊಳ್ಳಬಹುದು:

“ಭಾರತದಲ್ಲಿ ವಿಳಾಸವಿರುವ, 18 ವರ್ಷ ತುಂಬಿದ ಯಾರಾದರೂ ಭಾಗವಹಿಸಬಹುದು. ಏನನ್ನೂ ಕೊಳ್ಳಬೇಕಿಲ್ಲ. ಪುಟವನ್ನು ಫಾಲೋ ಮಾಡಿ, ನಿಮಗೆ ಇಷ್ಟವಾದ ಸೀರೆಯ ಬಣ್ಣವನ್ನು ಕಾಮೆಂಟಿನಲ್ಲಿ ಬರೆಯಿರಿ. ಎಷ್ಟು ಕಾಮೆಂಟ್ ಹಾಕಿದರೂ ಒಬ್ಬರಿಗೆ ಒಂದೇ ಅವಕಾಶ. ಭಾನುವಾರ ರಾತ್ರಿ 9 ಗಂಟೆಗೆ (ಭಾರತೀಯ ಕಾಲಮಾನ) ಕಾಮೆಂಟ್ ಮುಚ್ಚುತ್ತೇವೆ. ಸೋಮವಾರ ಸಂಜೆ 6ಕ್ಕೆ ನೇರಪ್ರಸಾರದಲ್ಲಿ ಒಬ್ಬ ವಿಜೇತರನ್ನೂ ಒಬ್ಬ ಬದಲಿ ವಿಜೇತರನ್ನೂ ಆರಿಸುತ್ತೇವೆ. ವಿಜೇತರು 48 ಗಂಟೆಯಲ್ಲಿ ಉತ್ತರಿಸದಿದ್ದರೆ ಸೀರೆ ಬದಲಿ ವಿಜೇತರಿಗೆ. ಈ ಸ್ಪರ್ಧೆಗೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲ.”

ಇದರ ಕೆಳಗೆ ಹಣ ಕೇಳುವುದಿಲ್ಲ ಎಂಬ ಆ ಸಾಲನ್ನೂ ಸೇರಿಸಿದೆ. 186 ಹೆಸರುಗಳಿಗೆ ಕ್ರಮಸಂಖ್ಯೆ ಕೊಟ್ಟು, ಆ ಪಟ್ಟಿಯನ್ನು ಮೊದಲೇ ಪ್ರಕಟಿಸಿ, ಎಲ್ಲರೂ ನೋಡುತ್ತಿರುವಾಗಲೇ ಎಕ್ಸೆಲ್‌ನಲ್ಲಿ `=RANDBETWEEN(1,186)` ಎಂದು ಹಾಕಿದೆ. ಹಾಳೆಯಲ್ಲಿ ಏನನ್ನು ಮುಟ್ಟಿದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಮೊದಲು ಬಂದ ಸಂಖ್ಯೆಯೇ ವಿಜೇತರದು, ಅದರ ನಂತರ ಬರುವ ಬೇರೆ ಸಂಖ್ಯೆ ಬದಲಿ ವಿಜೇತರದು, ಅದೇ ಅಂತಿಮ ಎಂದು ಗುಂಡಿ ಒತ್ತುವ ಮುನ್ನವೇ ಹೇಳಿದ್ದೆ. ವಿಜೇತರು 48 ಗಂಟೆಯಲ್ಲಿ ಉತ್ತರಿಸಲಿಲ್ಲ. ಸೀರೆ ಬದಲಿ ವಿಜೇತರಿಗೆ ಹೋಯಿತು, ಯಾರೂ ತಕರಾರು ಎತ್ತಲಿಲ್ಲ.